"ರಿಬ್ಬನ್ ಹಳೇದು ರೀ" ಅಂದ್ರೆ ಒಪ್ಕೊಂಡು ಬರಬೇಡ್ರಿ

ಅಣ್ಣಾರೆ, ಈ ಸಲ ಬೆಳೆ ಬಗ್ಗೆ ಅಲ್ಲ, ಚೀಟಿ ಬಗ್ಗೆ ಬರೀತೀನಿ. ಲಾರಿ ಕಾಟಾದಾಗೆ ಕೊಡೋ ತೂಕದ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು, ಹಳೇ ಪಹಣಿ ಪ್ರತಿ. ಟರ್ ಟರ್ ಅಂತ ಸದ್ದು ಮಾಡ್ಕೊಂಡು ಬರೋ ಆ ಚುಕ್ಕಿ ಚುಕ್ಕಿ ಪ್ರಿಂಟು ಐತಲ್ಲ, ಡಾಟ್ ಮ್ಯಾಟ್ರಿಕ್ಸ್ ಅಂತಾರೆ, ಅದು. ಮಾಸಿರುತ್ತೆ, ಅಂಕಿ ಹರಿದಿರುತ್ತೆ, ಒಂದು ಕಾಲಂ ಇನ್ನೊಂದು ಕಾಲಂ ಮೈಮೇಲೆ ಬಿದ್ದಿರುತ್ತೆ. ಕಾಣ್ತಿಲ್ಲ ಅಂದ್ರೆ ಎಲ್ಲಾ ಕಡೆ ಒಂದೇ ಉತ್ತರ: "ರಿಬ್ಬನ್ ಹಳೇದು ರೀ, ಎಲ್ಲಾ ಸರಿ ಐತಿ, ಹೋಗ್ರಿ." ನಾವೂ ಮಡಚಿ ಜೇಬಿಗೆ ಹಾಕ್ಕೊಂಡು ಬರ್ತೀವಿ. ಈ ಎರಡೂ ತಪ್ಪು ಅಂತ ನನ್ನ ವಾದ. ಅವರ ಉತ್ತರವೂ ತಪ್ಪು, ನಾವು ಮಡಚಿಕೊಳ್ಳೋದೂ ತಪ್ಪು.

ಮೊದಲು ನನ್ನ ಕಥೆ. ಬೇಸಿಗೆ ಭತ್ತ ಕೊಯ್ಸಿ, ಟ್ರ್ಯಾಕ್ಟ್ರಿಗೆ ಹೇರಿಕೊಂಡು ಹರಿಹರದ ಕಡೆ ಹೋಗಿದ್ದೆ. ಕಾಟಾದಾಗೆ ತೂಕ ಮಾಡಿಸಿ, ಮಾಲು ಇಳಿಸಿ, ಖಾಲಿ ಟ್ರ್ಯಾಕ್ಟ್ರು ಮತ್ತೆ ತೂಕಕ್ಕೆ ನಿಲ್ಲಿಸಿ ಚೀಟಿ ತಗೊಂಡೆ. ಚೀಟಿ ಮೇಲೆ ಮೂರು ಸಾಲು. ಗ್ರಾಸ್ ಅಂದ್ರೆ ಮಾಲು ಸಮೇತ ತೂಕ, ಟೇರ್ ಅಂದ್ರೆ ಖಾಲಿ ಗಾಡಿ, ನೆಟ್ ಅಂದ್ರೆ ಬರೀ ಭತ್ತ. ಖರೀದಿ ಮಾಡಿದವರ ಗುಮಾಸ್ತ ಚೀಟಿ ಬೆಳಕಿಗೆ ಹಿಡಿದು ನೋಡಿ, ನೆಟ್ 4800 ಅಂತ ಬಿಲ್ಲಿಗೆ ಬರಕೊಂಡ. ಕ್ವಿಂಟಾಲಿಗೆ 2250ರ ಲೆಕ್ಕ, 48 ಕ್ವಿಂಟಾಲಿಗೆ 1,08,000 ರೂಪಾಯಿ. ನಾನೂ ಚೀಟಿ ನೋಡಿದೆ, ನನಗೂ 4800 ಅಂತಲೇ ಕಂಡಿತು. ದುಡ್ಡು ತಗೊಂಡು ಊರಿಗೆ ಬಂದೆ.

ರಾತ್ರಿ ಉಂಡು ಕೂತಾಗ ಚೀಟಿ ತೆಗೆದು ನೋಡಿದೆ. ಚೀಟಿ ಮೇಲೆ ನನ್ನ ಗಾಡಿ ನಂಬರು ಐತಿ, ಕೆಎ 17 ಅಂತ ಶುರುವಾಗೋದು. ಅದರಾಗೆ ಒಂದು ಸೊನ್ನೆ, ಒಂದು ಎಂಟು ಬರುತ್ತೆ, ಅದು ನನಗೆ ಬಾಯಿಪಾಠ. ಆದ್ರೆ ಚೀಟಿ ಮೇಲೆ ಆ ಸೊನ್ನೆಗೂ ಎಂಟಿಗೂ ಕೂದಲೆಳೆ ವ್ಯತ್ಯಾಸ ಇಲ್ಲ. ಎರಡೂ ಒಂದೇ ಆಕಾರ: ಮೇಲೆ ಒಂದು ಕಮಾನು, ಕೆಳಗೆ ಒಂದು ಕಮಾನು, ನಡುವೆ ಖಾಲಿ. ಆಗ ಎದೆ ಧಸಕ್ಕೆಂತು. ಗಾಡಿ ನಂಬರಿನಾಗೆ ಎಂಟು ಸೊನ್ನೆ ಥರ ಬಿದ್ದಿದ್ರೆ, ನೆಟ್ ತೂಕದಾಗೆ ಎಷ್ಟು ಎಂಟು ಸೊನ್ನೆ ಆಗ್ಯಾವೆ?

ಇದು ಯಾಕೆ ಹಂಗೆ ಆಗುತ್ತೆ ಅಂತ ಹೇಳ್ತೀನಿ, ಇದು ಗೊತ್ತಾದ್ರೆ ಅರ್ಧ ಚೀಟಿ ಓದಿದಂಗೆ. ಆ ಪ್ರಿಂಟರಿನ ಹೆಡ್ಡಿನಾಗೆ ಸಣ್ಣ ಸೂಜಿಗಳು ಒಂದರ ಕೆಳಗೆ ಒಂದು ಸಾಲಾಗಿ ನಿಂತಿರ್ತಾವೆ. ಸಾದಾ ಪ್ರಿಂಟರಿಗೆ 9 ಸೂಜಿ, ಚಲೋ ಪ್ರಿಂಟರಿಗೆ 24. ಹೆಡ್ಡು ಎಡದಿಂದ ಬಲಕ್ಕೆ ಓಡ್ತಾ ಹೋದಂಗೆ ಸೂಜಿಗಳು ರಿಬ್ಬನ್ ಮೇಲೆ ಕುಟ್ತಾವೆ, ಒಂದೊಂದು ಕುಟ್ಟಿಗೆ ಒಂದೊಂದು ಚುಕ್ಕಿ. ಒಂಬತ್ತು ಸೂಜಿ ಪ್ರಿಂಟರಿನಾಗೆ ಒಂದು ಅಂಕಿ ಸಾಮಾನ್ಯವಾಗಿ ಏಳು ಚುಕ್ಕಿ ಎತ್ತರ. ನಟ್ಟ ನಡುವಿನ ನಾಲ್ಕನೇ ಸೂಜಿ ಮುರಿದಿದ್ರೆ ಅಥವಾ ಸಿಕ್ಕಾಕ್ಕೊಂಡಿದ್ರೆ, ಆ ಸಾಲಿನ ಚುಕ್ಕಿ ಯಾವ ಅಂಕಿಗೂ ಬೀಳಲ್ಲ. ಎಂಟಿಗೂ ಸೊನ್ನೆಗೂ ಇರೋ ವ್ಯತ್ಯಾಸವೇ ಆ ನಡುವಿನ ಸಾಲು. ಅದು ಹೋಯ್ತು ಅಂದ್ರೆ ಎರಡೂ ಅವಳಿ ಜವಳಿ. ಆರು ಉಳಕೊಳ್ಳುತ್ತೆ, ಅದರ ಬಲಗಡೆ ಮೇಲ್ಭಾಗ ಖಾಲಿ ಇರೋದ್ರಿಂದ. ಒಂಬತ್ತು ಉಳಕೊಳ್ಳುತ್ತೆ, ಎಡಗಡೆ ಕೆಳಭಾಗ ಖಾಲಿ ಇರೋದ್ರಿಂದ. ಮೂರಕ್ಕೆ ಎಡಗಡೆ ಪೂರ್ತಿ ಬಾಯಿ ತೆರೆದಿರುತ್ತೆ. ನಾಲ್ಕೂ ಗುರುತು ಸಿಗುತ್ತೆ. ಸತ್ತಿದ್ದು ಮೇಲಿನ ಸೂಜಿ ಆಗಿದ್ರೆ ಕಥೆ ಬೇರೆ, ಆಗ ಏಳರ ತಲೆ ಹೋಗಿ ಅದು ಒಂದರ ಥರ ಕಾಣುತ್ತೆ. ಕೆಳಗಿನದು ಸತ್ರೆ ಎರಡರ ಪಾದ ಹೋಗುತ್ತೆ, ರೂಪಾಯಿ ಪೈಸೆ ನಡುವಿನ ಚುಕ್ಕಿಗೂ ಕುತ್ತು ಬರುತ್ತೆ.

ಈಗ ನನ್ನ ಚೀಟಿ. ಎಂಟೋ ಸೊನ್ನೆಯೋ ಗೊತ್ತಾಗದ ಅಂಕಿಗೆ ಇಲ್ಲಿ ಒಂದು ಪ್ರಶ್ನೆ ಗುರುತು ಹಾಕ್ತೀನಿ. ಚೀಟಿ ಮೇಲೆ ಖಚಿತವಾಗಿ ಕಂಡಿದ್ದು ಇಷ್ಟೇ:

```
ಗ್ರಾಸ್   ?36?
ಟೇರ್    34??
ನೆಟ್    4???
```

ಗ್ರಾಸಿನ ಮೊದಲನೇ ಅಂಕಿ ಸೊನ್ನೆ ಆಗೋಕೆ ಸಾಧ್ಯ ಇಲ್ಲ, ಖಾಲಿ ಗಾಡಿನೇ ಮೂರು ಸಾವಿರದ ಮೇಲೆ ಐತಿ. ಹಂಗಾಗಿ ಅದು ಎಂಟು. ಕೊನೇ ಅಂಕಿ? ಆ ಕಾಟಾ ಹತ್ತು ಹತ್ತು ಕೆಜಿ ಲೆಕ್ಕದಾಗೆ ತೋರಿಸೋದು. ಕೆಲವು ಕಾಟಾ ಐದೈದು ಕೆಜಿ ತೋರಿಸ್ತಾವೆ, ಅಲ್ಲಿ ಕೊನೇ ಅಂಕಿ ಸೊನ್ನೆ ಅಥವಾ ಐದು ಇರುತ್ತೆ, ಎಂಟು ಅಂತೂ ಬರಲ್ಲ. ಹಂಗಾಗಿ ಮೂರೂ ಸಾಲಿನ ಕೊನೇ ಅಂಕಿ ಸೊನ್ನೆ. ಗ್ರಾಸ್ 8360 ಅಂತ ಪಕ್ಕಾ ಆಯ್ತು.

ಟೇರಿಗೆ ಎರಡೇ ದಾರಿ ಉಳೀತು, 3400 ಇಲ್ಲ 3480. ಟೇರ್ 3400 ಆಗಿದ್ರೆ 8360ರಾಗೆ ಅದನ್ನ ಕಳೆದು ನೆಟ್ 4960 ಬರಬೇಕಿತ್ತು. ಅಂದ್ರೆ ನೆಟ್ಟಿನಾಗೆ ಒಂದು ಒಂಬತ್ತು, ಒಂದು ಆರು ಕಾಣಬೇಕಿತ್ತು. ಆರೂ ಒಂಬತ್ತೂ ಈ ಪ್ರಿಂಟರಿನಾಗೆ ಗುರುತು ಸಿಗ್ತಾವೆ ಅಂತ ಈಗಷ್ಟೇ ಹೇಳಿದೆನಲ್ಲ, ಅಲ್ಲಿ ಅವು ಇಲ್ಲ. ಹಂಗಾದ್ರೆ ಟೇರ್ 3480, ನೆಟ್ 4880. ಬೇರೆ ಯಾವ ಜೋಡಿಯೂ ಕೂಡಲ್ಲ. ಹಳೇ ಚೀಟಿಗಳನ್ನ ತೆಗೆದು ನೋಡಿದ್ರೆ ನನ್ನ ಗಾಡಿ ಟೇರ್ ಯಾವಾಗ್ಲೂ 3450ರಿಂದ 3500ರ ಒಳಗೇ ಐತಿ, ಡೀಸೆಲ್ ಎಷ್ಟಿತ್ತು, ಯಾರು ಕೂತಿದ್ರು ಅನ್ನೋದರ ಮೇಲೆ ಅಷ್ಟು ಹೆಚ್ಚು ಕಮ್ಮಿ.

80 ಕೆಜಿ ಭತ್ತ, 1,800 ರೂಪಾಯಿ. ಮಾರನೇ ದಿನ ಹೋಗಿ ಚೀಟಿ ಇಟ್ಟು, ಕಳೆದು ತೋರಿಸಿದೆ. ಕಾಟಾದವರ ಕಂಪ್ಯೂಟರಿನಾಗೆ ಚೀಟಿ ನಂಬರು ಹಾಕಿ ನೋಡಿದ್ರು, 4880 ಅಂತಲೇ ಇತ್ತು. ದುಡ್ಡು ಕೊಟ್ರು, ಅದಕ್ಕೇ ಇಲ್ಲಿ ಯಾರ ಹೆಸರೂ ಹಾಕ್ತಿಲ್ಲ. ಮೋಸ ಅಂತ ನಾನು ಹೇಳಲ್ಲ. ಆ ಹುಡುಗನೂ ಕಂಡಂಗೆ ಓದಿದ, ನಾನೂ ಕಂಡಂಗೆ ಓದಿದೆ. ಆದ್ರೆ ಅವತ್ತು ಆ ಕಾಟಾದಾಗೆ ನನ್ನ ಹಿಂದೆ ನಿಂತಿದ್ದ ಗಾಡಿಗಳಿಗೂ ಅದೇ ಪ್ರಿಂಟರಿನಾಗೇ ಚೀಟಿ ಬಂದಿದ್ದು. ಅವರಾಗೆ ಎಷ್ಟು ಜನ ಎಂಟನ್ನ ಸೊನ್ನೆ ಅಂತ ಒಪ್ಕೊಂಡು ಹೋದ್ರೋ.

ನಮ್ಮೂರಿನ ಹಿರೇರೊಬ್ರು ನನಗೇ ಬೈದ್ರು. "ಎಂಬತ್ತು ಕೆಜಿಗೆ ಹೋಗಿ ನಿಂತ್ಕಂಡೆಯಲ್ಲೋ ತಮ್ಮಾ, ನಾಳೆ ಅವರ ಹತ್ರಾನೇ ಮಾಲು ಹಾಕ್ಬೇಕು" ಅಂದ್ರು. ಅಜ್ಜಾರೆ, ಹಮಾಲಿ ಎರಡು ರೂಪಾಯಿ ಜಾಸ್ತಿ ಕೇಳಿದ್ರೆ ಅರ್ಧ ಗಂಟೆ ವಾದ ಮಾಡ್ತೀವಿ. ಚೀಟಿ ಓದ್ರಿ ಅಂತ ಕೇಳೋಕೆ ಯಾಕೆ ನಾಚಿಕೆ? ಓದೋಕೆ ಬರಲ್ಲ ಅಂತ ತಿಳ್ಕೊಂಡಾರು ಅನ್ನೋ ಹೆದರಿಕೆ ನಮಗೆ, ನಿಜ ಹೇಳ್ಬೇಕಂದ್ರೆ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ನನಗೂ ಆ ಹೆದರಿಕೆ ಐತಿ. ಓದೋಕೆ ಬರದಂಗೆ ಪ್ರಿಂಟ್ ಮಾಡಿ ಕೊಟ್ಟವರಿಗೆ ಇಲ್ಲದ ನಾಚಿಕೆ ನಮಗ್ಯಾಕೆ.

ಈಗ ರಿಬ್ಬನ್ ವಿಷಯಕ್ಕೆ ಬರ್ತೀನಿ. ರಿಬ್ಬನ್ ಒಣಗಿದ್ರೆ ಇಡೀ ಚೀಟಿ ಒಂದೇ ಸಮ ಮಾಸಿರುತ್ತೆ, ಆದ್ರೆ ಅಂಕಿಯ ಚುಕ್ಕಿಗಳು ಎಲ್ಲಾ ಇರ್ತಾವೆ. ಮಂಕಾಗಿರ್ತಾವೆ ಅಷ್ಟೇ. ಸೂಜಿ ಹೋಗಿದ್ರೆ ಚೀಟಿ ಕಪ್ಪಗೇ ಇರಬಹುದು, ಆದ್ರೆ ಪ್ರತಿ ಸಾಲಿನಾಗೂ ಒಂದೇ ಎತ್ತರದಾಗೆ ಎಡದಿಂದ ಬಲದ ತನಕ ಒಂದು ಬಿಳೀ ಗೆರೆ ಓಡಿರುತ್ತೆ. ಹೊಲದಾಗೆ ಕೂರಿಗೆಯ ಒಂದು ತಾಳು ಕಟ್ಟಿಕೊಂಡು ಬೀಜ ಬೀಳದೆ ಹೋದ್ರೆ ಒಂದು ಸಾಲು ಖಾಲಿ ಹುಟ್ಟುತ್ತಲ್ಲ, ಥೇಟ್ ಹಂಗೆ. ಅದಕ್ಕೆ ಹೊಸಾ ರಿಬ್ಬನ್ ಹಾಕಿದ್ರೆ ಏನೂ ಉಪಯೋಗ ಇಲ್ಲ, ಹೆಡ್ ಸರಿ ಮಾಡ್ಬೇಕು, ಇಲ್ಲ ಬದಲಾಯಿಸ್ಬೇಕು. ಅದಕ್ಕೆ ಖರ್ಚು ಜಾಸ್ತಿ, ಅದಕ್ಕೇ ಬಾಯಲ್ಲಿ ರಿಬ್ಬನ್ ಅಂತ ಬರೋದು. ಮೂರನೇದು ಒಂದೈತಿ: ಒಂದು ಕಡೆ ಚೆಂದಾಗಿದ್ದು ಇನ್ನೊಂದು ಕಡೆ ಹೋಗ್ತಾ ಹೋಗ್ತಾ ಮಾಸಿರೋದು. ಅದು ಕಾಗದ ಕೂತ ಬಗೆ, ಅಥವಾ ಹೆಡ್ಡಿಗೂ ಕಾಗದಕ್ಕೂ ಇರೋ ಅಂತರ ಎರಡೂ ಕಡೆ ಸಮ ಇಲ್ಲದ್ದು. ಕಾಗದದ ದಪ್ಪಕ್ಕೆ ತಕ್ಕಂಗೆ ಅಂತರ ಹೊಂದಿಸೋಕೆ ಪ್ರಿಂಟರಿನಾಗೇ ಒಂದು ಸಣ್ಣ ಕಡ್ಡಿ ಇರುತ್ತೆ, ಅದನ್ನ ಯಾರೂ ಮುಟ್ಟಿರಲ್ಲ.

ಇದನ್ನ ಅಲ್ಲೇ ಕೌಂಟರಿನಾಗೇ ಪರೀಕ್ಷೆ ಮಾಡೋಕೆ ಒಂದು ಸುಲಭದ ದಾರಿ ಐತಿ. ಕಾಟಾ ಚೀಟಿ ಎಷ್ಟೋ ಕಡೆ ಎರಡು ಮೂರು ಪ್ರತಿ ಒಟ್ಟಿಗೆ ಬೀಳುತ್ತೆ. ಮೇಲಿನದು ನಮಗೆ ಕೊಡ್ತಾರೆ, ಕೆಳಗಿನದು ಅವರು ಇಟ್ಕೋತಾರೆ. ಕೆಳಗಿನ ಪ್ರತಿಗೆ ರಿಬ್ಬನ್ ಸಂಬಂಧವೇ ಇಲ್ಲ. ಅದಕ್ಕೆ ಬಣ್ಣ ಬರೋದು ಸೂಜಿ ಕುಟ್ಟಿದ ಒತ್ತಡಕ್ಕೆ, ಕಾಗದದ ನಡುವಿನ ಕಾರ್ಬನ್ನಿನಿಂದ, ಇಲ್ಲ ಕಾಗದಕ್ಕೇ ಹಚ್ಚಿದ ಮದ್ದಿನಿಂದ. ಹಂಗಾಗಿ ಕೆಳಗಿನ ಪ್ರತಿ ಕೇಳಿ ನೋಡ್ರಿ. ಮೇಲಿನದು ಮಾಸಿ ಕೆಳಗಿನದು ಚೆಂದಾಗಿದ್ರೆ ನಿಜವಾಗ್ಲೂ ರಿಬ್ಬನ್ನೇ ಹಳೇದು, ಆ ಕೆಳಗಿನ ಪ್ರತಿನೇ ಕೊಡ್ರಿ ಅಂತ ತಗೊಂಡು ಬರ್ರಿ. ಕೆಳಗಿನದರಾಗೂ ಅದೇ ಬಿಳೀ ಗೆರೆ ಇದ್ರೆ ಸೂಜಿ. ಆಗ ರಿಬ್ಬನ್ ಕಥೆ ಹೇಳೋಕೆ ಬಿಡಬೇಡ್ರಿ. ಸ್ಕ್ರೀನ್ ತಿರುಗಿಸಿ ತೋರಿಸಿ ಅಂತ ಕೇಳ್ರಿ, ಚೀಟಿ ಹಿಂದೆ ಅಂಕಿ ಅಕ್ಷರದಾಗೆ ಬರೆದು ಸಹಿ ಹಾಕಿಸ್ಕೊಳ್ರಿ. ಗಾಡಿ ಇನ್ನೂ ಕಾಟಾ ಬಾಗಿಲಲ್ಲೇ ಇದ್ದಾಗ ಇದು ಎರಡು ನಿಮಿಷದ ಕೆಲಸ.

ಇನ್ನೊಂದು ಕೆಟ್ಟ ಚಾಳಿ ನಮ್ಮದೇ. ಮಾಸಿದ ಅಂಕಿ ಮೇಲೆ ಬಾಲ್‌ಪೆನ್ನಿನಾಗೆ ತಿದ್ದೋದು. "ಆಮೇಲೆ ಕಾಣಲ್ಲ ಅಂತ ಬರೆದೆ" ಅಂತಾರೆ. ತಿದ್ದಿದ ಮೇಲೆ ಅದು ಪ್ರಿಂಟ್ ಅಲ್ಲ, ನಿಮ್ಮ ಕೈಬರಹ. ನಾಳೆ ಯಾರ ಮುಂದೆ ಇಟ್ಟರೂ ಮೊದಲ ಮಾತೇ ಇದು ನೀವು ತಿದ್ದಿದ್ದು ಅಂತ. ಅದಕ್ಕಿಂತ ಹೆಚ್ಚು ನಷ್ಟ ಏನಂದ್ರೆ, ಪೆನ್ನು ಒತ್ತಿದ ಜಾಗದಾಗೆ ಸೂಜಿ ಕುಟ್ಟಿದ ತಗ್ಗು ಅಳಿಸಿ ಹೋಗುತ್ತೆ. ಆ ತಗ್ಗೇ ನಮಗೆ ಬೇಕಾಗಿರೋದು. ಶಾಯಿ ಪೂರ್ತಿ ಹೋಗಿದ್ರೂ ಕುಟ್ಟಿದ ಗುರುತು ಕಾಗದದ ಮೇಲೆ ಇರುತ್ತೆ. ಕತ್ತಲೆ ಕೋಣೆಯಾಗೆ ಮೊಬೈಲ್ ಟಾರ್ಚನ್ನ ಮೇಲಿಂದ ಅಲ್ಲ, ಕಾಗದದ ಪಕ್ಕದಿಂದ, ಸಂಜೆ ಬಿಸಿಲು ಗದ್ದೆ ಮೇಲೆ ಅಡ್ಡ ಬಿದ್ದಂಗೆ ಹಿಡೀರಿ. ತಗ್ಗಿನಾಗೆ ನೆರಳು ಬಿದ್ದು ಅಂಕಿ ಎದ್ದು ಕಾಣುತ್ತೆ. ಕಾಗದ ತೆಳ್ಳಗಿದ್ರೆ ಹಿಂದುಗಡೆ ಉಬ್ಬಿರೋದು ಬೆರಳಿಗೂ ಸಿಗುತ್ತೆ, ಅಂಕಿ ಉಲ್ಟಾ ಇರುತ್ತೆ ಅಷ್ಟೇ. ಆದ್ರೆ ಇದು ಶಾಯಿ ಮಾಸಿದ್ದಕ್ಕೆ ಮದ್ದು, ಸೂಜಿ ಸತ್ತಿದ್ದಕ್ಕಲ್ಲ. ಕುಟ್ಟದೇ ಇದ್ದ ಕಡೆ ತಗ್ಗೂ ಇರಲ್ಲ. ಇನ್ನು ಜೆರಾಕ್ಸ್ ಮಾಡಿಸಿ ಮೂಲ ಚೀಟಿ ಬಿಸಾಕೋರು ಇದ್ದಾರೆ. ಜೆರಾಕ್ಸಿನಾಗೆ ತಗ್ಗೂ ಬರಲ್ಲ, ಮಂಕು ಚುಕ್ಕಿಯೂ ಬರಲ್ಲ. ಬಿಸಾಕೋದಾದ್ರೆ ಜೆರಾಕ್ಸ್ ಬಿಸಾಕ್ರಿ.

ಕಾಲಂ ಒಂದರ ಮೇಲೊಂದು ಬೀಳೋದು ಬೇರೆ ರೋಗ. ದಾವಣಗೆರೆಯ ಒಂದು ಬ್ಯಾಂಕಿನಾಗೆ ಪಾಸ್‌ಬುಕ್ ಪ್ರಿಂಟ್ ಹಾಕಿಸ್ಕೊಂಡು ಬಂದ ನಮ್ಮ ಪಕ್ಕದ ಹೊಲದವರು ಮುಖ ಬಿಳಿಚಿಕೊಂಡು ಬಂದ್ರು. "ನನ್ನ ಖಾತೆಯಿಂದ ಲಕ್ಷಗಟ್ಟಲೆ ಹೋಗೈತಿ ಕಣಣ್ಣ" ಅಂದ್ರು. ಆ ಖಾತೆಗೆ ಲಕ್ಷ ಬಂದಿದ್ದೇ ಇಲ್ಲ. ನೋಡಿದ್ರೆ ಸಾಲು ಹಿಂಗಿತ್ತು:

```
1250000614000
```

ತೆಗೆದ ದುಡ್ಡಿನ ಕಾಲಂ, ಉಳಿದ ದುಡ್ಡಿನ ಕಾಲಂ ಎರಡೂ ಅಂಟಿಕೊಂಡಿದ್ವು, ಪೈಸೆ ಚುಕ್ಕಿ ಬಿದ್ದೇ ಇರಲಿಲ್ಲ. ಇಂಥಾ ಕಡೆ ಎಡದಿಂದ ಓದೋಕೆ ಹೋಗಬಾರದು. ದುಡ್ಡಿನ ಕಾಲಂ ಯಾವಾಗ್ಲೂ ಬಲಗಡೆ ಸಾಲು ಹಿಡಿದು ಬರುತ್ತೆ, ಕೊನೇ ಎರಡು ಅಂಕಿ ಪೈಸೆ. ಮೇಲಿನ ಕೆಳಗಿನ ಸಾಲಿನಾಗೆ ಚುಕ್ಕಿ ಕಂಡ ಜಾಗ ಹುಡುಕಿ, ಮಕ್ಕಳ ಸ್ಕೇಲ್ ಇಟ್ಟು ನೇರ ಕೆಳಗೆ ಗೆರೆ ಹಿಡಿದ್ರೆ ಈ ಸಾಲಿನ ಚುಕ್ಕಿ ಎಲ್ಲಿರಬೇಕು ಅಂತ ಸಿಗುತ್ತೆ. ಅಲ್ಲಿಂದ ಎರಡು ಅಂಕಿ ಬಿಟ್ಟು ಕತ್ತರಿಸಿದ್ರೆ 12500.00 ಒಂದು, 6140.00 ಒಂದು. ಸರಿಯೋ ತಪ್ಪೋ ನೋಡೋಕೆ ಮೇಲಿನ ಸಾಲಿನ ಬಾಕಿ ನೋಡಿದೆ, 18640.00 ಅಂತ ಸ್ಪಷ್ಟ ಇತ್ತು. ಅದರಾಗೆ 12500 ಕಳೆದ್ರೆ 6140. ಆಮೇಲೆ ಅವರಿಗೇ ನೆನಪಾಯ್ತು, ಗೊಬ್ಬರಕ್ಕೆ ಅಂತ ತೆಗೆದಿದ್ದು. ಅಂದ್ರೆ ಬ್ಯಾಂಕಿನ ಲೆಕ್ಕ ಸರಿ ಇತ್ತು, ಪ್ರಿಂಟ್ ಸರಿ ಇರಲಿಲ್ಲ. ಆದ್ರೆ ಆ ಮನುಷ್ಯ ಒಂದು ರಾತ್ರಿ ನಿದ್ದೆ ಮಾಡಿರಲಿಲ್ಲ. ಆ ರಾತ್ರಿಗೆ ಯಾರು ಲೆಕ್ಕ ಕೊಡ್ತಾರೆ? ಪಾಸ್‌ಬುಕ್ಕಿನಾಗೆ ಪ್ರತಿ ಸಾಲೂ ಮೇಲಿನ ಬಾಕಿಯಿಂದಲೇ ಹುಟ್ಟೋದು, ಅದಕ್ಕೆ ಒಂದು ಸಾಲು ಹಾಳಾದ್ರೆ ಮೇಲಿನದೂ ಕೆಳಗಿನದೂ ಸೇರಿ ಅದನ್ನ ಎತ್ತಿ ಕೊಡ್ತಾವೆ. ಎರಡು ಸಾಲು ಒಟ್ಟಿಗೆ ಹೋಗಿದ್ರೆ ಕಷ್ಟ, ಆಗ ಹೊಸಾ ಸ್ಟೇಟ್‌ಮೆಂಟ್ ಕೇಳ್ಬೇಕು.

ಇಷ್ಟೆಲ್ಲಾ ಕೇಳಿ ಲೆಕ್ಕ ಹಾಕಿದ್ರೆ ಎಲ್ಲಾ ಚೀಟಿನೂ ಓದಬಹುದು ಅಂತ ತಿಳ್ಕೋಬೇಡ್ರಿ. ನನಗೇ ಹೆಚ್ಚು ಸಿಟ್ಟು ಬರಿಸಿದ್ದು ಲೆಕ್ಕಕ್ಕೆ ಸಿಗದ ಕಾಗದ. ನಮ್ಮನೇಲಿ ಅಣ್ಣ ತಮ್ಮಂದಿರ ಪಾಲಿನ ಮಾತು ನಡೀತಾ ಐತಿ. ಅಪ್ಪ ಕಟ್ಟಿಟ್ಟಿದ್ದ ಗಂಟಿನಾಗೆ ಒಂದು ಹಳೇ ಪಹಣಿ ಪ್ರತಿ ಸಿಕ್ತು, ಅದೂ ನಡು ಸೂಜಿ ಸತ್ತ ಪ್ರಿಂಟರಿನದೇ. ಒಟ್ಟು ವಿಸ್ತೀರ್ಣ 2 ಎಕರೆ ಮೂವತ್ತೋ ಮೂವತ್ತೆಂಟೋ ಗುಂಟೆ. ಖರಾಬು ಸೊನ್ನೆಯೋ ಎಂಟು ಗುಂಟೆಯೋ. ಖರಾಬು ಕಳೆದು ಉಳಿದಿದ್ದು 2 ಎಕರೆ ಮೂವತ್ತೋ ಮೂವತ್ತೆಂಟೋ. ಒಂದು ಎಕರೆಗೆ 40 ಗುಂಟೆ, ಹಂಗಾಗಿ ಗುಂಟೆ ಕಾಲಂನಾಗೆ 39ಕ್ಕಿಂತ ಜಾಸ್ತಿ ಬರೋ ಹಂಗಿಲ್ಲ, ಈ ಒಂದು ಪರೀಕ್ಷೆ ಬೇರೆ ಪಹಣಿಗೆ ಸಹಾಯ ಮಾಡುತ್ತೆ, ಇದಕ್ಕೆ ಮಾಡಲಿಲ್ಲ. ಕಾಟಾ ಚೀಟಿ ಥರ ಕಳೆದು ನೋಡಿದೆ. 38ರಾಗೆ 8 ಹೋದ್ರೆ 30, ಕೂಡುತ್ತೆ. 38ರಾಗೆ ಸೊನ್ನೆ ಹೋದ್ರೆ 38, ಅದೂ ಕೂಡುತ್ತೆ. 30ರಾಗೆ ಸೊನ್ನೆ ಹೋದ್ರೆ 30, ಅದೂ ಕೂಡುತ್ತೆ. 30ರಾಗೆ 8 ಹೋದ್ರೆ 22, ಅದೊಂದು ಮಾತ್ರ ಇಲ್ಲ ಅಂತ ಹೇಳಬಹುದು. ಮೂರು ದಾರಿ ಉಳಿದ್ವು, ಯಾವುದು ನಿಜ ಅಂತ ಆ ಕಾಗದ ಎಷ್ಟು ಸಲ ತಿರುವಿದ್ರೂ ಹೇಳಲ್ಲ. ಟಾರ್ಚ್ ಹಿಡಿದ್ರೂ ಹೇಳಲ್ಲ, ಸೂಜಿ ಕುಟ್ಟೇ ಇಲ್ಲ.

ನಮ್ಮ ಅಣ್ಣ ಮೂವತ್ತೆಂಟು ಅಂತಾನೆ, ಚಿಕ್ಕವನು ಮೂವತ್ತು ಅಂತಾನೆ, ಇಬ್ರೂ ಅದೇ ಕಾಗದಾನೇ ತೋರಿಸ್ತಾರೆ. ಎಂಟು ಗುಂಟೆಗೆ ಮೂರು ಮನೆ ಮಾತು ಬಿಡೋ ಹಂತಕ್ಕೆ ಬಂದಿತ್ತು. ಅವತ್ತು ಅಪ್ಪ ಕೌಂಟರಿನಾಗೆ "ಸ್ವಾಮಿ, ಇದು ಕಾಣ್ತಿಲ್ಲ, ಇನ್ನೊಂದು ಸಲ ಹಾಕಿ ಕೊಡ್ರಿ" ಅಂದಿದ್ರೆ ಇದೆಲ್ಲ ಇರ್ತಿರಲಿಲ್ಲ. ಅಪ್ಪ ಕೇಳಿರಲ್ಲ. ಕೇಳಿದ್ರೂ ರಿಬ್ಬನ್ ಅಂದಿರ್ತಾರೆ.

ಇಂಥದ್ದಕ್ಕೆ ಪಹಣಿ ಮೇಲೆ ಪಹಣಿ ತೆಗೆಸಿ ಜಗಳ ಆಡಬಾರದು. ಸರ್ವೆ ನಂಬರಿನ ಒಟ್ಟು ವಿಸ್ತೀರ್ಣ ಎಷ್ಟು, ಖರಾಬು ಎಷ್ಟು ಅನ್ನೋದು ಸರ್ವೆ ಇಲಾಖೆಯ ಆಕಾರ್‌ಬಂದ್‌ನಾಗೆ ಇರುತ್ತೆ, ಪಹಣಿಗೆ ಮೂಲ ಅದು. ಮೂವರೂ ಒಟ್ಟಿಗೆ ಹೋಗಿ ಆಕಾರ್‌ಬಂದ್ ಪ್ರತಿಗೆ ಅರ್ಜಿ ಕೊಟ್ಟು ಬಂದೀವಿ. ಪ್ರತಿ ಕೈಗೆ ಕೊಟ್ಟಾಗ ಅಲ್ಲೇ ನಿಂತು, ಮೂರೂ ಅಂಕಿ ಜೋರಾಗಿ ಓದಿಸಿಕೊಂಡು, ಅದರಾಗೆ ಬೇರೆ ಕಡೆ ಇರೋ ಒಂದು ಎಂಟು, ಒಂದು ಸೊನ್ನೆ ಹುಡುಕಿ ಪಕ್ಕ ಪಕ್ಕ ನೋಡಿ ಆಮೇಲೆ ಹೊರಗೆ ಬರಬೇಕು ಅಂತ ಮೂವರೂ ಮಾತಾಡ್ಕೊಂಡೀವಿ. ಎಷ್ಟು ಗುಂಟೆ ಬಂತು ಅಂತ ಮುಂದಿನ ಸಲ ಬರೀತೀನಿ.